ನೂರರಲ್ಲಿ ತೊಂಬತ್ತೆಂಟು ಹೋದರೆ

ಕಳೆದ ದಸರಾ ರಜೆಗೆ ಊರಿಂದ ಅಮ್ಮ ಬಂದಿದ್ದಳು. ಒಂದು ಸಂಜೆ ಅಜ್ಜಿ-ಮೊಮ್ಮಗಳು ಸೇರಿ ಕೆಳಗಿನ ಅಂಗಡಿಗೆ ಹೋಗಿ ಮೊಸರು, ಬ್ರೆಡ್ಡು, ಒಂದು ಕಟ್ಟು ಕೊತ್ತಂಬರಿ ಸೊಪ್ಪು ತಂದರು. ಬಿಲ್ಲು 98 ರೂಪಾಯಿ ಆಗಿತ್ತಂತೆ. ಮನೆಗೆ ಬಂದವಳೇ ಅಮ್ಮ ಮಗಳನ್ನ ಕೇಳಿದಳು: "ಮಗಾ, ನಾನು ನೂರು ಕೊಟ್ಟೆ, ತೊಂಬತ್ತೆಂಟಾಯ್ತು. ಅವ್ನು ನಂಗೆಷ್ಟು ವಾಪಸ್ ಕೊಡ್ಬೇಕಿತ್ತು?"

ಮಗಳು ಸೂರು ನೋಡಿದಳು. ಬಲಗೈ ಮೇಲೆದ್ದಿತು. ಹೆಬ್ಬೆರಳು, ತೋರುಬೆರಳು ಗಾಳಿಯಲ್ಲಿ ಏನನ್ನೋ ತಳ್ಳಿದವು, ಏನನ್ನೋ ಇಳಿಸಿದವು. ನಾಲ್ಕೈದು ಸೆಕೆಂಡ್ ಆದಮೇಲೆ "ಎರಡು!" ಅಂದಳು. ಉತ್ತರ ಸರಿ. ನನಗೆ ಹೆಮ್ಮೆ. ಅಮ್ಮನಿಗೆ ಮಾತ್ರ ಸಮಾಧಾನ ಆಗಲಿಲ್ಲ. "ಎರಡು ಅನ್ನಾಕೆ ಇಷ್ಟೊತ್ತಾ? ಅದ್ಯಾಕೋ ಗಾಳೀಲಿ ಕೈ ಆಡಿಸ್ತಾಳೆ?" ಅಂತ ನನ್ನ ಕಿವಿಯಲ್ಲಿ ಕೇಳಿದಳು. "ಅಬ್ಯಾಕಸ್ ಕಣಮ್ಮ, ಮೂರನೇ ಲೆವೆಲ್" ಅಂದೆ. ಹೇಳುವಾಗ ದನಿಯಲ್ಲಿ ಸ್ವಲ್ಪ ಠೀವಿ ಇತ್ತು. ಆದರೆ ರಾತ್ರಿ ಮಲಗಿದ ಮೇಲೆ ಅಮ್ಮನ ಪ್ರಶ್ನೆ ಕೊರೆಯಲು ಶುರುವಾಯಿತು. ನೂರರ ಪಕ್ಕದಲ್ಲೇ ಕೂತಿರುವ ತೊಂಬತ್ತೆಂಟನ್ನ ನೋಡಿ "ಇನ್ನೆರಡೇ ಹೆಜ್ಜೆ" ಅಂತ ಯಾಕೆ ಅವಳಿಗೆ ಕಾಣಲಿಲ್ಲ?

ಮಾರನೇ ದಿನ ಏನು ಮಾಡಿದೆ ಅಂತ ಅವಳನ್ನೇ ಕೇಳಿದೆ. ಪಾಪ, ಒಂದೊಂದೇ ಹೆಜ್ಜೆ ಹೇಳಿದಳು. ಮನಸ್ಸಲ್ಲಿ ನೂರರ ಕಂಬಿಯಲ್ಲಿ ಒಂದು ಮಣಿ ಏರಿಸಿದಳು. ಮೊದಲು 90 ಕಳೆಯಬೇಕು. ಹತ್ತರ ಕಂಬಿ ಖಾಲಿ. ಹಾಗಾಗಿ ನೂರನ್ನು ತೆಗೆದು, 90ರ 'ಬಿಗ್ ಫ್ರೆಂಡ್' ಆದ 10ನ್ನು ಕೊಟ್ಟಳು. ಈಗ 10 ಉಳಿಯಿತು. ಆಮೇಲೆ 8 ಕಳೆಯಬೇಕು. ಬಿಡಿ ಕಂಬಿಯೂ ಖಾಲಿ. ಹತ್ತನ್ನು ತೆಗೆದು, 8ರ ಫ್ರೆಂಡ್ ಆದ 2ನ್ನು ಕೊಟ್ಟಳು. ಎರಡು. ಒಂದೂ ತಪ್ಪಿಲ್ಲದ ಅಲ್ಗಾರಿದಮ್. ನಾನು ಕೋಡ್ ರಿವ್ಯೂ ಮಾಡಿದ್ದರೆ ಪಾಸ್ ಮಾಡುತ್ತಿದ್ದೆ. ಸಮಸ್ಯೆ ಏನಂದ್ರೆ, 100ರಲ್ಲಿ 98 ಹೋದರೂ, 100ರಲ್ಲಿ 37 ಹೋದರೂ ಅವಳಿಗೆ ಅದು ಒಂದೇ ಥರದ ಕೆಲಸ. ಸಂಖ್ಯೆಗಳ ಮುಖ ನೋಡುವ ಮೊದಲೇ ಕೈ ಓಡುತ್ತದೆ.

ಈ ಬರಹ ಆ ಕೈಯ ಬಗ್ಗೆ. ಅಬ್ಯಾಕಸ್ ಕ್ಲಾಸನ್ನು ಸುಮ್ಮನೆ ಹಳಿಯುವುದು ಸುಲಭ, ನಮ್ಮ ಆಫೀಸಿನ ಊಟದ ಟೇಬಲ್ಲಿನಲ್ಲಿ ದಿನಾ ಅದೇ ನಡೆಯುತ್ತದೆ. ನಾನು ಹಾಗೆ ಮಾಡಲಾರೆ. ಯಾಕಂದ್ರೆ ಆ ಚೌಕಟ್ಟನ್ನು ಎರಡು ವಾರ ಕೈಯಲ್ಲಿ ಹಿಡಿದು ಕೂತ ಮೇಲೆ, ಅದರೊಳಗೆ ನಿಜವಾಗಿಯೂ ಒಂದು ಚೆಂದದ ಯೋಚನೆ ಇದೆ ಅಂತ ಗೊತ್ತಾಯಿತು.

ನಮ್ಮ ಬಡಾವಣೆಗಳಲ್ಲಿ ಕಲಿಸುವುದು ಜಪಾನಿನ ಸೊರೊಬಾನ್ ಮಾದರಿ. ಒಂದೊಂದು ಕಂಬಿಯೂ ಒಂದೊಂದು ಸ್ಥಾನ: ಬಿಡಿ, ಹತ್ತು, ನೂರು. ಅಡ್ಡಪಟ್ಟಿಯ ಮೇಲೆ ಒಂದು ಮಣಿ, ಅದರ ಬೆಲೆ ಐದು. ಕೆಳಗೆ ನಾಲ್ಕು ಮಣಿ, ಒಂದೊಂದರ ಬೆಲೆ ಒಂದು. ಪಟ್ಟಿಗೆ ತಾಗಿದ ಮಣಿ ಮಾತ್ರ ಲೆಕ್ಕಕ್ಕೆ. ಹೀಗೆ ಒಂದು ಕಂಬಿಯಲ್ಲಿ ಸೊನ್ನೆಯಿಂದ ಒಂಬತ್ತರವರೆಗೆ ಮಾತ್ರ ಬರೆಯಬಹುದು, ಹತ್ತು ಬರೆಯಲು ಜಾಗವೇ ಇಲ್ಲ. ಜಾಗ ಇಲ್ಲದಿರುವುದರಲ್ಲೇ ಪಾಠ ಇದೆ.

8ಕ್ಕೆ 6 ಕೂಡಿಸಿ ನೋಡಿ. ಬಿಡಿ ಕಂಬಿಯಲ್ಲಿ 8 ಅಂದರೆ ಐದರ ಮಣಿ ಕೆಳಗಿಳಿದಿದೆ, ಮೂರು ಮಣಿ ಮೇಲೇರಿವೆ. ಇನ್ನು ಆರು ಸೇರಿಸಲು ಮಣಿಗಳಿಲ್ಲ. ಆರರ ಬಿಗ್ ಫ್ರೆಂಡ್ ನಾಲ್ಕು, ಇಬ್ಬರೂ ಸೇರಿ ಹತ್ತು. ಆದ್ದರಿಂದ ನಾಲ್ಕು ತೆಗೆದು, ಪಕ್ಕದ ಕಂಬಿಯಲ್ಲಿ ಹತ್ತರ ಒಂದು ಮಣಿ ಏರಿಸಬೇಕು. ಆದರೆ ನಾಲ್ಕು ತೆಗೆಯೋಣ ಅಂದ್ರೆ ಕೆಳಗಿರುವುದು ಮೂರೇ. ಆಗ 'ಸ್ಮಾಲ್ ಫ್ರೆಂಡ್' ಬರುತ್ತಾನೆ: ನಾಲ್ಕರ ಸ್ಮಾಲ್ ಫ್ರೆಂಡ್ ಒಂದು, ಇಬ್ಬರೂ ಸೇರಿ ಐದು. ಐದರ ಮಣಿ ತೆಗೆದು ಒಂದು ಮಣಿ ಏರಿಸು. ಈಗ ಬಿಡಿಯಲ್ಲಿ ನಾಲ್ಕು, ಹತ್ತರಲ್ಲಿ ಒಂದು, ಒಟ್ಟು 14. ಏಳು ವರ್ಷದ ಮಗು ಇದನ್ನು ಬೆರಳಿನಿಂದ ಮಾಡುವಾಗ, 6 ಕೂಡಿಸುವುದೂ 10 ಕೂಡಿಸಿ 4 ಕಳೆಯುವುದೂ ಒಂದೇ ಅನ್ನುವ ಮಾತನ್ನು ಮುಟ್ಟಿ ನೋಡುತ್ತಿರುತ್ತದೆ. ನಮ್ಮ ಮೇಷ್ಟ್ರು ಬೋರ್ಡಿನ ಮೇಲೆ ಎಷ್ಟು ಸಲ 'ದಶಕ ಒಯ್ಯುವುದು' ಅಂತ ಹೇಳಿದರೂ ನನಗೆ ಆ ಒಂದು ಎಲ್ಲಿಗೆ ಹೋಗುತ್ತದೆ ಅಂತ ಮೂರನೇ ಕ್ಲಾಸಿನ ತನಕ ಹೊಳೆದಿರಲಿಲ್ಲ. ಇಲ್ಲಿ ಅದು ಪಕ್ಕದ ಕಂಬಿಗೆ ಹೋಗಿ ಕೂರುವುದು ಕಣ್ಣಿಗೇ ಕಾಣುತ್ತದೆ.

ಪಳಗಿದ ಕೈಯಲ್ಲಿ ಇದರ ವೇಗವೂ ಸುಳ್ಳಲ್ಲ. 1946ರ ನವೆಂಬರ್‌ನಲ್ಲಿ ಟೋಕಿಯೋದಲ್ಲಿ ಕಿಯೋಶಿ ಮತ್ಸುಜಾಕಿ ಎಂಬ ಅಂಚೆ ಇಲಾಖೆಯ ನೌಕರ ಸೊರೊಬಾನ್ ಹಿಡಿದು, ವಿದ್ಯುತ್ ಲೆಕ್ಕಯಂತ್ರ ಹಿಡಿದ ಅಮೆರಿಕದ ಸೈನಿಕ ಥಾಮಸ್ ವುಡ್ ಎದುರು ಕೂತ. ಐದು ಸುತ್ತಿನಲ್ಲಿ ನಾಲ್ಕನ್ನು ಸೊರೊಬಾನ್ ಗೆದ್ದಿತು. ಯಂತ್ರಕ್ಕೆ ಸಿಕ್ಕಿದ್ದು ಗುಣಾಕಾರದ ಸುತ್ತು ಮಾತ್ರ.

ಚೌಕಟ್ಟು ಬಿಟ್ಟು ಮನಸ್ಸಲ್ಲೇ ಮಣಿ ಆಡಿಸುವುದು ಮುಂದಿನ ಹಂತ. ಗಾಳಿಯಲ್ಲಿ ಕೈ ಆಡುವುದು ಈ ಹಂತದಲ್ಲೇ. ಇದೂ ಬೂಟಾಟಿಕೆಯಲ್ಲ. ಈ ಮಕ್ಕಳು ಲೆಕ್ಕ ಮಾಡುವುದು ಮಾತಿನಲ್ಲಲ್ಲ, ಚಿತ್ರದಲ್ಲಿ. ನೀವು ನಾನು ಕೂಡುವಾಗ ಒಳಗೊಳಗೇ "ಏಳು ಐದು ಹನ್ನೆರಡು" ಅಂತ ಗೊಣಗುತ್ತೇವೆ, ಪಕ್ಕದಲ್ಲಿ ಯಾರಾದರೂ ಮಾತಾಡಿದರೆ ಲೆಕ್ಕ ತಪ್ಪುತ್ತದೆ. ಚೆನ್ನಾಗಿ ಪಳಗಿದ ಅಬ್ಯಾಕಸ್ ಮಗುವಿಗೆ ಮಾತಿನ ಅಡ್ಡಿ ಅಷ್ಟಾಗಿ ತಟ್ಟುವುದಿಲ್ಲ. ಮೈಕೆಲ್ ಫ್ರಾಂಕ್ ಮತ್ತು ಡೇವಿಡ್ ಬಾರ್ನರ್ ಇದನ್ನು ಗುಜರಾತಿನ ಮಕ್ಕಳ ಮೇಲೆ ಪರೀಕ್ಷೆ ಮಾಡಿ 2012ರಲ್ಲಿ ಬರೆದಿದ್ದಾರೆ. ಮನಸ್ಸಿನ ಆ ಚೌಕಟ್ಟಿಗೂ ಮಿತಿ ಇದೆ: ಮೂರು-ನಾಲ್ಕು ಕಂಬಿ ದಾಟಿದರೆ ಚಿತ್ರ ಮಸುಕಾಗುತ್ತದೆ.

ಇಷ್ಟರವರೆಗೆ ನನ್ನ ತಕರಾರಿಲ್ಲ. ತಕರಾರು ಶುರುವಾಗುವುದು ಗೇಟಿಗೆ ಕಟ್ಟಿದ ಫ್ಲೆಕ್ಸಿನಿಂದ. ನಮ್ಮ ಲೇಔಟಿನ ಫ್ಲೆಕ್ಸಿನಲ್ಲಿ ಮಣಿಯ ಸುದ್ದಿ ಸಣ್ಣಕ್ಷರದಲ್ಲಿದೆ. ದಪ್ಪಕ್ಷರದಲ್ಲಿರುವುದು ಮಿದುಳಿನ ಎರಡೂ ಭಾಗ ಅರಳುತ್ತದೆ, ಜ್ಞಾಪಕಶಕ್ತಿ ಹೆಚ್ಚುತ್ತದೆ, ಏಕಾಗ್ರತೆ ಬರುತ್ತದೆ ಅನ್ನುವುದು. ಅಂದರೆ ಮಾರುತ್ತಿರುವುದು ಕೂಡು-ಕಳೆಯುವುದನ್ನಲ್ಲ, ಮಿದುಳನ್ನ. ಇದನ್ನು ನಮ್ಮ ದೇಶದಲ್ಲೇ ಪರೀಕ್ಷಿಸಿದ್ದಾರೆ. ಬಾರ್ನರ್ ಮತ್ತು ಸಂಗಡಿಗರು ವಡೋದರಾದಲ್ಲಿ 204 ಚಿಕ್ಕ ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಮೂರು ವರ್ಷ ಅಬ್ಯಾಕಸ್ ಕಲಿಸಿದರು, ಇನ್ನೊಂದಕ್ಕೆ ಮಾಮೂಲಿ ಗಣಿತವನ್ನೇ ಹೆಚ್ಚುವರಿಯಾಗಿ ಹೇಳಿಕೊಟ್ಟರು. ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಅಬ್ಯಾಕಸ್ ಗುಂಪು ಲೆಕ್ಕದಲ್ಲಿ ಸ್ವಲ್ಪ ಮುಂದೆ ಹೋಗಿತ್ತು. ಆದರೆ ನೆನಪಿನಂಥ ಮೂಲ ಸಾಮರ್ಥ್ಯಗಳಲ್ಲಿ ಬದಲಾವಣೆ ಕಾಣಲಿಲ್ಲ. ಇನ್ನೂ ಒಂದು ಮಾತಿದೆ: ಲಾಭ ಮುಖ್ಯವಾಗಿ ಸಿಕ್ಕಿದ್ದು, ಯಾವುದು ಎಲ್ಲಿದೆ ಅನ್ನುವ ಚಿತ್ರವನ್ನು ತಲೆಯಲ್ಲಿ ಹಿಡಿದಿಟ್ಟುಕೊಳ್ಳುವ ಶಕ್ತಿ ಮೊದಲೇ ಸಾಕಷ್ಟಿದ್ದ ಮಕ್ಕಳಿಗೆ. ಅಂದ್ರೆ ಫ್ಲೆಕ್ಸ್ ಹೇಳುವುದು ತಿರುಗುಮುರುಗು. ಕ್ಲಾಸು ಆ ಶಕ್ತಿಯನ್ನು ಕೊಡುವುದಿಲ್ಲ, ಇದ್ದವರಿಂದ ಕೇಳುತ್ತದೆ.

ಇನ್ನು ಈ ಅಂಗಡಿ ಹೇಗೆ ನಡೆಯುತ್ತದೆ ಅಂತ ನೋಡೋಣ. ಕ್ಲಾಸಿನ ಒಳಗಿನ ದೋಷಕ್ಕೆ ಅರ್ಧ ಕಾರಣ ಅಲ್ಲಿದೆ.

ನಮ್ಮ ಮೇಡಂ ಮೊದಲು ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿದ್ದವರು. ಎರಡನೇ ಮಗು ಆದಮೇಲೆ ಕೆಲಸ ಬಿಟ್ಟರು, ಮತ್ತೆ ಹೋಗಬೇಕು ಅನ್ನುವಷ್ಟರಲ್ಲಿ ಐದು ವರ್ಷದ ಗ್ಯಾಪ್ ಆಗಿತ್ತು. ಕರೆದವರಿಲ್ಲ. ಒಂದು ಕಂಪನಿಗೆ ದುಡ್ಡು ಕಟ್ಟಿ ಫ್ರಾಂಚೈಸಿ ತಗೊಂಡು, ಕೆಲವು ದಿನ ತರಬೇತಿ ಮಾಡಿ, ಮನೆಯ ಹಾಲಿನಲ್ಲೇ ಶುರು ಮಾಡಿದರು. ಶನಿವಾರ-ಭಾನುವಾರ ಮೂರು ಬ್ಯಾಚು, ಒಟ್ಟು 22 ಮಕ್ಕಳು, ತಿಂಗಳಿಗೆ 1,200 ರೂಪಾಯಿ. ಲೆಕ್ಕ ಹಾಕಿದರೆ 26,400. ಅದರಲ್ಲಿ ಕಾಲು ಭಾಗ ಕಂಪನಿಗೆ. ಉಳಿದ 19,800ರಲ್ಲಿ ಹಾಲಿನ ಕರೆಂಟು, ಜೆರಾಕ್ಸು, ರಜೆ ಹಾಕಿದ ಮಕ್ಕಳಿಗೆ ಮಧ್ಯವಾರದ ಪುಕ್ಕಟೆ ಕ್ಲಾಸು ಎಲ್ಲ ಬರಬೇಕು. ಪುಸ್ತಕ ಕಂಪನಿಯದೇ ಆಗಬೇಕು, ಲೆವೆಲ್ಲಿಗೊಂದು. ಪರೀಕ್ಷೆಯ ಫೀಸು ಬೇರೆ. ಒಟ್ಟು ಎಂಟು ಲೆವೆಲ್, ಒಂದೊಂದಕ್ಕೂ ನಾಲ್ಕು ತಿಂಗಳು.

ಇದರಲ್ಲಿ ದರೋಡೆ ಏನೂ ಇಲ್ಲ. ಆದರೆ ಈ ಏರ್ಪಾಡಿನಲ್ಲಿ ಎಲ್ಲರ ಕಣ್ಣೂ ಎಲ್ಲಿ ನೆಟ್ಟಿರುತ್ತದೆ ನೋಡಿ. ಮಗು ಮುಂದಿನ ಲೆವೆಲ್ಲಿಗೆ ಹೋದರೆ ಮಾತ್ರ ಮುಂದಿನ ಪುಸ್ತಕ ಮಾರಾಟ. ಹಾಗಾಗಿ ನಮ್ಮಲ್ಲಿ ಯಾವ ಮಗುವೂ ಫೇಲಾಗಿದ್ದು ನಾನು ಕೇಳಿಲ್ಲ. ಮುಂದೆ ಹೋಯಿತು ಅಂತ ಅಪ್ಪ-ಅಮ್ಮನಿಗೆ ತೋರಿಸಲು ಒಂದು ಅಳತೆ ಬೇಕು. ಐದು ನಿಮಿಷಕ್ಕೆ ಎಷ್ಟು ಲೆಕ್ಕ ಅನ್ನುವುದು ಸುಲಭವಾದ ಅಳತೆ. ಸ್ಟಾಪ್‌ವಾಚ್ ಇದ್ದರೆ ಸಾಕು. ನೂರರ ಪಕ್ಕದಲ್ಲಿ ತೊಂಬತ್ತೆಂಟು ಕೂತಿರುವುದು ಕಂಡಿತೇ ಅನ್ನುವುದನ್ನು ಸ್ಟಾಪ್‌ವಾಚ್ ಅಳೆಯಲಾರದು. ನಮ್ಮ ಸ್ಪ್ರಿಂಟುಗಳಲ್ಲಿ ಪಾಯಿಂಟು ಎಣಿಸಲು ಶುರು ಮಾಡಿದ ಮೇಲೆ ಪಾಯಿಂಟು ಏರಿದ ಹಾಗೆಯೇ ಇದು. ಯಾವುದನ್ನು ಎಣಿಸುತ್ತೀವೋ ಅದೇ ಬೆಳೆಯುತ್ತದೆ.

ಇದರ ಫಲ ನನಗೆ ಕಂಡಿದ್ದು ಎರಡು ಕಡೆ. ಒಂದು, ಶಾಲೆಯ ನೋಟ್‌ಬುಕ್ಕಿನಲ್ಲಿ. ಅಬ್ಯಾಕಸ್‌ನಲ್ಲಿ ಲೆಕ್ಕ ಎಡದಿಂದ ಬಲಕ್ಕೆ: ಮೊದಲು ನೂರು, ಆಮೇಲೆ ಹತ್ತು, ಕೊನೆಗೆ ಬಿಡಿ. ಶಾಲೆಯಲ್ಲಿ ಬಲದಿಂದ ಎಡಕ್ಕೆ, ದಶಕವನ್ನು ತಲೆಯ ಮೇಲೆ ಬರೆದು ತೋರಿಸಬೇಕು. ಮಗಳು ಉತ್ತರ ಮಾತ್ರ ಬರೆದು ಬಂದಳು. ಟೀಚರು ಕೆಂಪು ಇಂಕಿನಲ್ಲಿ 'ಹಂತಗಳು ಎಲ್ಲಿ?' ಅಂತ ಬರೆದರು. ಎರಡೂ ದಾರಿ ಸರಿ, ಎರಡೂ ಒಂದೇ ಊರಿಗೆ ಹೋಗುತ್ತವೆ ಅಂತ ಅವಳಿಗೆ ಯಾರಾದರೂ ಕೂರಿಸಿ ಹೇಳಬೇಕಿತ್ತು. ಅಬ್ಯಾಕಸ್ ಪುಸ್ತಕದಲ್ಲಿ ಶಾಲೆಯ ಸುದ್ದಿ ಇಲ್ಲ, ಶಾಲೆಗೆ ಅಬ್ಯಾಕಸ್ ಸುದ್ದಿ ಬೇಡ. ಮಧ್ಯೆ ಇರುವವಳು ಎರಡನೇ ಕ್ಲಾಸಿನ ಹುಡುಗಿ.

ಎರಡನೆಯದು ಇನ್ನೂ ದೊಡ್ಡದು. ನಮ್ಮ ಲೇಔಟಿನ ಮಕ್ಕಳು ಹೆಚ್ಚಾಗಿ ಬಿಡುವುದು ಮೂರು-ನಾಲ್ಕನೇ ಲೆವೆಲ್ಲಿನಲ್ಲಿ, ಅಂದರೆ ಚೌಕಟ್ಟು ಕೈಬಿಟ್ಟು ಮನಸ್ಸಿಗೆ ಇಳಿಯಬೇಕಾದ ಹೊತ್ತಿನಲ್ಲಿ. ಮನಸ್ಸಿನ ಮಣಿ ನಿಲ್ಲಬೇಕಾದರೆ ದಿನಾ ಒಂದಿಷ್ಟು ಹೊತ್ತು ಅಭ್ಯಾಸ ಬೇಕು, ವಾರಕ್ಕೆ ಎರಡು ಗಂಟೆ ಸಾಲದು. ಅದು ಮನೆಯಲ್ಲಿ ಆಗುವುದಿಲ್ಲ, ಲೆಕ್ಕ ತಪ್ಪಲು ಶುರುವಾಗುತ್ತದೆ, ಮಗು ಅಳುತ್ತದೆ, ಡ್ರಾಯಿಂಗ್ ಕ್ಲಾಸಿಗೆ ಸೇರುತ್ತದೆ. ಅರ್ಧಕ್ಕೆ ಬಿಟ್ಟ ಮಗುವಿಗೆ ಮಣಿಯ ವೇಗವೂ ಬಂದಿರುವುದಿಲ್ಲ, ಸಂಖ್ಯೆಯ ಸಲಿಗೆಯೂ ಬಂದಿರುವುದಿಲ್ಲ. ಉಳಿಯುವುದು ಬೆರಳಿನ ಆಟ.

ಇಲ್ಲಿ ಅಮ್ಮನ ಕಡೆ ತಿರುಗಬೇಕು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಡೈರಿಗೆ ನಾಲ್ಕೂವರೆ ಲೀಟರ್ ಹಾಲು ಹಾಕಿದರೆ, ಲೀಟರಿಗೆ 32ರಂತೆ, "ನಾಲ್ಕು ಮೂವತ್ತೆರಡು ನೂರಿಪ್ಪತ್ತೆಂಟು, ಅರ್ಧಕ್ಕೆ ಹದಿನಾರು, ನೂರನಲ್ವತ್ನಾಕು" ಅಂತ ಕ್ಯಾನಿನ ಮುಚ್ಚಳ ಹಾಕುವಷ್ಟರಲ್ಲಿ ಹೇಳುತ್ತಾಳೆ. ನಮ್ಮ ತಾತ ಜಗಲಿಯಲ್ಲಿ ಕೂರಿಸಿ ಕಾಲು, ಅರೆ, ಮುಕ್ಕಾಲು ಮಗ್ಗಿ ಹೇಳಿಸುತ್ತಿದ್ದರು, ಅವಳ ಲೆಕ್ಕ ಅಲ್ಲಿಂದ ಬಂದದ್ದು. ಹಳ್ಳಿಯ ಲೆಕ್ಕ ಶ್ರೇಷ್ಠ ಅಂತ ನಾನು ಕೊರಳು ಉಬ್ಬಿಸಿ ಹೇಳುತ್ತಿಲ್ಲ. ನಾಲ್ಕಂಕಿಯ ಹತ್ತು ಸಂಖ್ಯೆ ಕೊಟ್ಟು ಕೂಡು ಅಂದ್ರೆ ಅಮ್ಮ ಕೈ ಚೆಲ್ಲುತ್ತಾಳೆ, ಅಬ್ಯಾಕಸ್ ಮಗು ಗೆಲ್ಲುತ್ತದೆ. ಮಗ್ಗಿಯೂ ಬಾಯಿಪಾಠವೇ, ಕೋಲಿನ ಭಯದಲ್ಲಿ ಕಲಿತದ್ದೇ. ಆದರೆ ಅವಳ ಪ್ರತಿ ಸಂಖ್ಯೆಯ ಹಿಂದೆಯೂ ಹಾಲು, ರಾಗಿ, ದುಡ್ಡು ಇತ್ತು. ಆದ್ದರಿಂದ ಲೆಕ್ಕಕ್ಕೆ ಕೈ ಹಾಕುವ ಮೊದಲು ಸಂಖ್ಯೆಯನ್ನ ಒಮ್ಮೆ ನೋಡುವ ಅಭ್ಯಾಸ ಬಂತು. ನಾಲ್ಕೂವರೆಯನ್ನು ನಾಲ್ಕು ಮತ್ತು ಅರ್ಧ ಅಂತ ಒಡೆಯುತ್ತಾಳೆ, ತೊಂಬತ್ತೆಂಟನ್ನ ನೂರಕ್ಕೆ ಎರಡು ಕಮ್ಮಿ ಅಂತ ಓದುತ್ತಾಳೆ. ಸಂಖ್ಯೆ ನೋಡಿ ದಾರಿ ಆರಿಸಿಕೊಳ್ಳುತ್ತಾಳೆ.

ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ತಮ್ಮ ನೆನಪಿನ ಪುಸ್ತಕದಲ್ಲಿ ಇಂಥದ್ದೇ ಒಂದು ಪ್ರಸಂಗ ಹೇಳುತ್ತಾರೆ. ಬ್ರೆಜಿಲಿನ ಒಂದು ಹೋಟೆಲಿನಲ್ಲಿ ಅಬ್ಯಾಕಸ್ ಮಾರುವವನೊಬ್ಬ ಅವರ ಜೊತೆ ಪಂದ್ಯಕ್ಕೆ ನಿಂತ. ಕೂಡುವುದರಲ್ಲಿ ಫೈನ್‌ಮನ್ ಹೀನಾಯವಾಗಿ ಸೋತರು. ಕೊನೆಗೆ 1729.03ರ ಘನಮೂಲ. ಮಾರುವವನು ಬೆವರು ಸುರಿಸಿ ಮಣಿ ತಳ್ಳುತ್ತಿದ್ದರೆ ಫೈನ್‌ಮನ್ ಸುಮ್ಮನೆ ಕೂತಿದ್ದರು. 12ರ ಘನ 1728 ಅಂತ ಅವರಿಗೆ ಮೊದಲೇ ಗೊತ್ತಿತ್ತು, ಉತ್ತರ ಹನ್ನೆರಡಕ್ಕಿಂತ ಕೂದಲೆಳೆ ಹೆಚ್ಚು. ಆ ಕೂದಲೆಳೆಯನ್ನು ಅಂದಾಜು ಮಾಡಿ 12.002 ಅಂದರು. ಅವರಿಗೆ ಸಂಖ್ಯೆಯ ಪರಿಚಯ ಇತ್ತು, ಮಾರುವವನಿಗೆ ಮಣಿಯ ಪರಿಚಯ ಮಾತ್ರ. ಅಮ್ಮನ ತಕರಾರು ಇದೇ ಆಗಿತ್ತು, ಘನಮೂಲ ಇರಲಿಲ್ಲ ಅಷ್ಟೇ.

ನಿಮ್ಮ ಮಗುವೂ ಹೋಗುತ್ತಿದ್ದರೆ ಸರ್ಟಿಫಿಕೇಟು, ಟ್ರೋಫಿ ನೋಡಬೇಡಿ. ಮೂರು ಪ್ರಶ್ನೆ ಕೇಳಿ. 100ರಲ್ಲಿ 98 ಹೋದರೆಷ್ಟು ಅಂತ ಕೇಳಿ, ಉತ್ತರ ಬಿಟ್ಟು ಕೈ ನೋಡಿ. 49ಕ್ಕೆ 52 ಕೂಡಿಸುವ ಮೊದಲು "ನೂರಕ್ಕಿಂತ ಹೆಚ್ಚಾ ಕಮ್ಮಿಯಾ?" ಅಂತ ಕೇಳಿ, ಪೂರ್ತಿ ಕೂಡದೆ ಹೇಳಬಲ್ಲದೇ ನೋಡಿ. ಮೂರನೆಯದಾಗಿ, ಲೆಕ್ಕವನ್ನು ವಾಕ್ಯದಲ್ಲಿ ಇಡಿ: "ನನ್ನ ಹತ್ರ 45 ರೂಪಾಯಿ ಇದೆ, ಪುಸ್ತಕಕ್ಕೆ 70, ಇನ್ನೆಷ್ಟು ಬೇಕು?" ಮಗಳು ಇದಕ್ಕೆ 115 ಅಂದಳು. 45, 70 ಅಂತ ಎರಡು ಸಂಖ್ಯೆ ಕೇಳಿಸಿದ ಕೂಡಲೇ ಕೈ ಕೂಡಿಬಿಟ್ಟಿತ್ತು. ಪುಸ್ತಕದಲ್ಲಿ ಕೂಡಬೇಕೋ ಕಳೆಯಬೇಕೋ ಅನ್ನುವುದನ್ನು ಚಿಹ್ನೆ ಹೇಳಿಬಿಡುತ್ತದೆ, ಯೋಚಿಸುವ ಆ ಅರ್ಧ ಭಾಗ ಅಲ್ಲಿ ಬರುವುದೇ ಇಲ್ಲ.

ಇದನ್ನೆಲ್ಲ ಹೇಳೋಣ ಅಂತ ಒಂದು ಭಾನುವಾರ ಕ್ಲಾಸು ಬಿಟ್ಟ ಮೇಲೆ ಮೇಡಂ ಹತ್ರ ನಿಂತೆ. ಬಾಗಿಲಲ್ಲಿ ಪುಟಾಣಿ ಚಪ್ಪಲಿಗಳ ರಾಶಿ ಇನ್ನೂ ಕರಗಿರಲಿಲ್ಲ. 115ರ ಕಥೆ ಹೇಳಿದೆ. ಅವರು ವಾದ ಮಾಡಲಿಲ್ಲ. "ಗೊತ್ತು ಸಾರ್. ನನ್ನ ಮಗನೂ ಹಂಗೇ ಮಾಡ್ತಾನೆ. ಆದ್ರೆ ವಾಕ್ಯದ ಲೆಕ್ಕ ಕೊಟ್ಟು ಕೂರಿಸಿದ್ರೆ ಸ್ಪೀಡು ಬೀಳುತ್ತೆ. ಸ್ಪೀಡು ಬಿದ್ರೆ ಕಾಂಪಿಟಿಷನ್ನಲ್ಲಿ ಪ್ರೈಜ್ ಬರಲ್ಲ. ಪ್ರೈಜ್ ಬರ್ಲಿಲ್ಲ ಅಂದ್ರೆ ಪೇರೆಂಟ್ಸೇ ಕೇಳ್ತಾರೆ. ನೀವೂ ಕಳೆದ ಸಲ ಕೇಳಿದ್ರಿ."

ಕೇಳಿದ್ದೆ, ನಿಜ. ಎರಡನೇ ಲೆವೆಲ್ಲಿನಲ್ಲಿ ಮಗಳಿಗೆ ಟ್ರೋಫಿ ಬರದಿದ್ದಾಗ, ಪಕ್ಕದ ಮನೆ ಹುಡುಗನಿಗೆ ಬಂದಾಗ, ನಾನೇ ಮೆಸೇಜ್ ಹಾಕಿದ್ದೆ. ಎರಡು ವಾರದಿಂದ ಕಂಪನಿಯನ್ನೂ ಫ್ಲೆಕ್ಸನ್ನೂ ಬೈದುಕೊಂಡು ಓಡಾಡಿದವನು, ಆ ಸ್ಟಾಪ್‌ವಾಚ್ ಒತ್ತಿದವರಲ್ಲಿ ನಾನೂ ಒಬ್ಬ ಅನ್ನುವುದನ್ನು ಅನುಕೂಲಕ್ಕೆ ತಕ್ಕಂತೆ ಮರೆತಿದ್ದೆ.

"ನೀವೊಬ್ರು ಬಿಟ್ರೆ ನಿಮ್ಮ ಬ್ಲಾಕಿನ ನಾಲ್ಕು ಜನ ಬಿಡ್ತಾರೆ" ಅಂತ ಮೆಲ್ಲಗೆ ಸೇರಿಸಿದರು. ಬೆದರಿಕೆ ಅಲ್ಲ, ಅವರ ತಿಂಗಳ ಲೆಕ್ಕ ಅದು. ಐದು ಮಕ್ಕಳು ಹೋದರೆ 6,000 ರೂಪಾಯಿ.

ಬಿಡಲಿಲ್ಲ, ಸದ್ಯಕ್ಕೆ. ಇಬ್ಬರೂ ಒಂದು ಒಪ್ಪಂದಕ್ಕೆ ಬಂದೆವು. ಕ್ಲಾಸಿನ ಕೊನೆಯ 15 ನಿಮಿಷ ಚೌಕಟ್ಟು ಎತ್ತಿಟ್ಟು ಅಂಗಡಿ ಆಟ: ಕಾಗದದ ನೋಟು, ಬೆಲೆ ಚೀಟಿ, ಚಿಲ್ಲರೆ. ಕಂಪನಿಯ ಪುಸ್ತಕದಲ್ಲಿ ಆ ಪುಟ ಇಲ್ಲ, ಆದರೆ ಬಂದು ನೋಡುವವರೂ ಇಲ್ಲ. ನಮ್ಮ ಬ್ಲಾಕಿನ ಅಪ್ಪ-ಅಮ್ಮಂದಿರಿಗೆ "ಈ ಸಲ ಟ್ರೋಫಿ ಕೇಳಬಾರದು" ಅಂತ ಹೇಳುವ ಕೆಲಸ ನನ್ನದು. ಆರು ಮನೆಯಲ್ಲಿ ಮೂರು ಮನೆಯವರು ಒಪ್ಪಿದರು. ನಾಲ್ಕನೇ ಲೆವೆಲ್ ಮುಗಿದ ಮೇಲೆ ಅದೇ ಮೂರು ಪ್ರಶ್ನೆ ಮತ್ತೆ ಕೇಳಿ, ಮುಂದುವರಿಸಬೇಕೋ ಬೇಡವೋ ನೋಡುತ್ತೇನೆ. ಅದಕ್ಕಿಂತ ಮೊದಲು ಬಿಟ್ಟರೆ ಎರಡೂ ಕಡೆ ಇಲ್ಲದಂತಾಗುತ್ತದೆ ಅನ್ನುವ ಭಯ ನನಗೂ ಇದೆ.

ಮೊನ್ನೆ ರಾತ್ರಿ ಅಮ್ಮ ಫೋನ್ ಮಾಡಿದ್ದಳು. ಸ್ಪೀಕರ್ ಹಾಕಿದ್ದೆ. "ಮಗಾ, ಸಾವಿರದಾಗೆ ಒಂಬೈನೂರ ತೊಂಬತ್ತೇಳು ಹೋದ್ರೆ?" ಮಗಳ ಬಲಗೈ ಎದ್ದಿತು, ಅರ್ಧದಲ್ಲೇ ನಿಂತಿತು. "ಮೂರು ಅಜ್ಜೀ. ಇದಕ್ಕೆ ಮಣಿ ಬೇಡ."

"ಹಂಗಾದ್ರೆ ಆರ್ನೂರ ನಲ್ವತ್ತೇಳು ಹೋದ್ರೆ?"

ಸ್ವಲ್ಪ ಯೋಚಿಸಿದಳು. "ಇದಕ್ಕೆ ಬೇಕು" ಅಂದು ಕೈ ಎತ್ತಿದಳು. ಆ ಕಡೆ ಅಮ್ಮನೂ ಸುಮ್ಮನಾಗಿ, ತನ್ನದೇ ದಾರಿಯಲ್ಲಿ ಲೆಕ್ಕ ಹಾಕುತ್ತಿದ್ದಳು. ಮುನ್ನೂರ ಐವತ್ತಮೂರು ಅಂತ ಮೊದಲು ಹೇಳಿದ್ದು ಮಗಳು.